ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವ ದಿನಾಂಕ

ಈ ವಾರ ಸೋಮವಾರ ಸಂಜೆ ಕಚೇರಿಯಲ್ಲಿ ಕುಳಿತು ಬಣ್ಣದ ಅಂಗಡಿಯೊಂದರ ತಿಂಗಳ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ನಮೂನೆಯನ್ನು ತೆರೆದಾಗ, ಬಡ್ಡಿ ಮತ್ತು ವಿಳಂಬ ಶುಲ್ಕದ ಕೋಷ್ಟಕದಲ್ಲಿ ನಾನು ಏನನ್ನೂ ತುಂಬಿಸದೆಯೇ ಐವತ್ತು, ಐವತ್ತು ಎಂಬ ಎರಡು ಅಂಕಿಗಳು ಕುಳಿತಿದ್ದವು. ಐವತ್ತು ಕೇಂದ್ರಕ್ಕೆ, ಐವತ್ತು ರಾಜ್ಯಕ್ಕೆ. ಹಿಂದಿನ ತಿಂಗಳ ನಮೂನೆಯನ್ನು ಎರಡು ದಿನ ತಡವಾಗಿ ಸಲ್ಲಿಸಿದರೆ ದಿನಕ್ಕೆ ಐವತ್ತರಂತೆ ಲೆಕ್ಕ ಹಾಕಿ, ಮುಂದಿನ ತಿಂಗಳ ನಮೂನೆಯಲ್ಲಿ ಪೋರ್ಟಲ್ ತಾನಾಗಿಯೇ ಅದನ್ನು ತಂದು ನಿಲ್ಲಿಸುತ್ತದೆ. ಆ ಎರಡು ದಿನಗಳು ನನ್ನವು.

ನಾನು ಮೈಸೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಬೆಳಿಗ್ಗೆ ಕಾಲೇಜು ಮುಗಿಸಿ, ವಾರದಲ್ಲಿ ಐದು ದಿನ ಮಧ್ಯಾಹ್ನ ಮೂರರಿಂದ ಏಳರವರೆಗೆ ಒಬ್ಬ ತೆರಿಗೆ ಸಲಹೆಗಾರರ ಬಳಿ ಇಂಟರ್ನ್ ಆಗಿ ಕೆಲಸ ಮಾಡುತ್ತೇನೆ. ಆ ಕಚೇರಿಯ ಗೋಡೆಯಲ್ಲಿರುವ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಎರಡು ದಿನಾಂಕಗಳಿಗೆ ಕೆಂಪು ಸುತ್ತು ಇರುತ್ತದೆ. ತಿಂಗಳ ಮಾರಾಟದ ವಿವರ ಸಲ್ಲಿಸಲು 11, ತೆರಿಗೆ ಕಟ್ಟಿ 3ಬಿ ಮುಗಿಸಲು 20. ಉಳಿದ ದಿನಗಳೆಲ್ಲ ಆ ಎರಡರ ಸುತ್ತಲೇ ತಿರುಗುತ್ತವೆ.

ಡಿಸೆಂಬರ್ 29ರಂದು ಐದನೇ ಸೆಮಿಸ್ಟರಿನ ತಾತ್ಕಾಲಿಕ ವೇಳಾಪಟ್ಟಿ ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಜನವರಿ 19, 20, 21 ಮತ್ತು 23, ಎಲ್ಲವೂ ಮಧ್ಯಾಹ್ನ ಎರಡರಿಂದ ಐದು. ನೋಡಿದ ಕ್ಷಣವೇ ನನ್ನ ಕಣ್ಣು 20ರ ಮೇಲೆ ನಿಂತಿತ್ತು. ಆದರೂ ಸರ್‌ಗೆ ಹೇಳಲಿಲ್ಲ. ಹಿಂದಿನ ಸೆಮಿಸ್ಟರಿನಲ್ಲಿ ವೇಳಾಪಟ್ಟಿ ಎರಡು ಬಾರಿ ಬದಲಾಗಿತ್ತು. ಖಚಿತವಾದದ್ದು ಬರಲಿ, ಒಂದೇ ಸಲ ಹೇಳಿದರಾಯಿತು ಎಂದುಕೊಂಡೆ. ಇದು ನಾನು ನನಗೇ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು: ಒಂದು ವಾರ ಬರುವುದಿಲ್ಲ ಎಂದರೆ, ಹಾಗಾದರೆ ಪರೀಕ್ಷೆ ಮುಗಿಸಿಕೊಂಡೇ ಬಾ, ಆಮೇಲೆ ನೋಡೋಣ ಎಂದುಬಿಟ್ಟರೆ ಎಂಬ ಅಂಜಿಕೆ. ತರಗತಿಯ ಗೆಳತಿಯೊಬ್ಬಳು ಇನ್ನೂ ಸುಲಭದ ದಾರಿ ತೋರಿಸಿದ್ದಳು. "ಏನೂ ಹೇಳ್ಬೇಡ ಕಣೇ, ಅವತ್ತು ಜ್ವರ ಅಂತ ಮೆಸೇಜ್ ಹಾಕು" ಎಂದಳು. ಆಕೆಗೆ ಎರಡು ಇಂಟರ್ನ್‌ಶಿಪ್‌ಗಳು ಮಧ್ಯದಲ್ಲೇ ನಿಂತುಹೋಗಿವೆ ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ.

ಕೊನೆಗೆ ಹೇಳಿದ್ದು ಜನವರಿ 16ರಂದು, ಸಂಕ್ರಾಂತಿಯ ಮರುದಿನ. ಅಮ್ಮ ಕಟ್ಟಿಕೊಟ್ಟ ಎಳ್ಳು-ಬೆಲ್ಲದ ಪೊಟ್ಟಣವನ್ನು ಸರ್ ಕೈಗೆ ಕೊಟ್ಟು, ಅದೇ ಉಸಿರಿನಲ್ಲಿ, "ಸರ್, ಸೋಮವಾರದಿಂದ ಎಕ್ಸಾಮ್ ಇದೆ, ಒಂದು ವಾರ ಬರಕ್ಕಾಗಲ್ಲ" ಎಂದೆ. ಎಳ್ಳು ತಿಂದವರು ಒಳ್ಳೆಯ ಮಾತನ್ನೇ ಆಡಬೇಕೆಂಬ ಸಂಪ್ರದಾಯವನ್ನು ನಾನು ರಕ್ಷಣೆಗೆ ಕರೆದಿದ್ದೆ ಎಂದು ಈಗ ಅನ್ನಿಸುತ್ತದೆ. ಅವರು ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ಕೇಳಿದರು:

"ಎಕ್ಸಾಮ್ ಇರೋದು ನಿನಗೆ ಯಾವತ್ತು ಗೊತ್ತಾಯ್ತಮ್ಮ?"

ಪರೀಕ್ಷೆ ಯಾವಾಗ, ಎಷ್ಟು ದಿನ, ಯಾವ ವಿಷಯ ಎಂದು ಕೇಳಿದ್ದರೆ ಉತ್ತರ ಸಿದ್ಧವಿತ್ತು. ಇದಕ್ಕೆ ಇರಲಿಲ್ಲ. "ಹದಿನೆಂಟು ದಿನ ಆಯ್ತು ಸರ್" ಎಂದೆ. ಅವರು "ಹೂಂ" ಎಂದು ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ನೋಡಿ, "ಚೆನ್ನಾಗ್ ಬರಿ, ಹೋಗು" ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ಆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಹೀಗೆ ಒಂದು ತಿಂಗಳಾದರೂ ಕಿವಿಯಲ್ಲಿ ಉಳಿಯುತ್ತಿರಲಿಲ್ಲ.

ಅಂದು ಉಳಿದಿದ್ದ ಎರಡು ಗಂಟೆಯಲ್ಲಿ, ನಾನು ನೋಡಿಕೊಳ್ಳುತ್ತಿದ್ದ ಹದಿನಾಲ್ಕು ವ್ಯಾಪಾರಿಗಳ ವಿವರವನ್ನು ಕಚೇರಿಯ ಹಿರಿಯ ಅಕ್ಕನಿಗೆ ಬಾಯಿಮಾತಿನಲ್ಲಿ ಒಪ್ಪಿಸಿದೆ. ಯಾರ ಬಿಲ್ ಬಂದಿದೆ, ಯಾರದು ಬಾಕಿ ಎಂದೆಲ್ಲ ಹೇಳಿದೆ. ಬಣ್ಣದ ಅಂಗಡಿಯ ಸರದಿ ಬಂದಾಗ "ಇದು ರೆಡಿ ಇದೆ ಅಕ್ಕ" ಎಂದುಬಿಟ್ಟೆ. ಅದು ಸಿದ್ಧವಿದ್ದದ್ದು ನನ್ನ ತಲೆಯಲ್ಲಿ ಮಾತ್ರ.

ಆ ಅಂಗಡಿಯವರು ಡಿಸೆಂಬರಿನಲ್ಲಿ ಅರವತ್ತು ಸಾವಿರ ರೂಪಾಯಿಯ ಬಣ್ಣ ತರಿಸಿದ್ದರು. ಅದರ ಮೇಲೆ ಶೇಕಡ 18ರಂತೆ 10,800 ರೂಪಾಯಿ ತೆರಿಗೆ. ಸರಬರಾಜುದಾರರು ತಮ್ಮ ಮಾರಾಟದ ವಿವರವನ್ನು ಸಲ್ಲಿಸಿದ ಮೇಲೆ, ನಮ್ಮ ವ್ಯಾಪಾರಿ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಸಿಗಬಹುದಾದ ಹೂಡುವಳಿ ತೆರಿಗೆ ಜಮೆಯ ಪಟ್ಟಿ, ಅಂದರೆ 2ಬಿ, ತಿಂಗಳ 14ನೇ ತಾರೀಕು ಸಿದ್ಧವಾಗುತ್ತದೆ. ಅದರಲ್ಲಿ ಈ 10,800 ಪೂರ್ತಿ ಕಾಣಿಸುತ್ತಿತ್ತು. ಆದರೆ ಮುಚ್ಚಳ ಸೋರುತ್ತಿದ್ದ ಇಪ್ಪತ್ತು ಸಾವಿರ ರೂಪಾಯಿಯ ಡಬ್ಬಗಳನ್ನು ಅಂಗಡಿಯವರು ಹಿಂದಿರುಗಿಸಿದ್ದರು. ಸರಬರಾಜುದಾರರು ಅದಕ್ಕೆ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟನ್ನು ಇನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ಪಡೆಯಬೇಕಾದ ಜಮೆ 7,200 ಮಾತ್ರ. ಈ ಸಂಗತಿ ಇದ್ದದ್ದು ಎರಡೇ ಕಡೆ: ಅಂಗಡಿಯವರು ನನ್ನ ಮೊಬೈಲಿಗೆ ಕಳಿಸಿದ್ದ ಒಂದು ಫೋಟೊದಲ್ಲಿ ಮತ್ತು ನನ್ನ ಕೈಚೀಲದೊಳಗಿನ ನೋಟ್‌ಬುಕ್ಕಿನಲ್ಲಿ.

20ರ ಬೆಳಿಗ್ಗೆ ಸರ್ ಆ ನಮೂನೆಯನ್ನು ತೆರೆದಿದ್ದಾರೆ. ಅಂಗಡಿಯ ಖರೀದಿ ಲೆಕ್ಕಕ್ಕೂ 2ಬಿಗೂ ತಾಳೆಯಾಗಿಲ್ಲ. ಅಂಗಡಿಯವರಿಗೆ ಫೋನ್ ಮಾಡಿದರೆ, "ಅದನ್ನೆಲ್ಲ ನಿಮ್ಮ ಆ ಹುಡುಗಿಗೆ ಕಳ್ಸಿದೀನಲ್ಲ ಸ್ವಾಮಿ, ಅವಳನ್ನೇ ಕೇಳಿ" ಎಂಬ ಉತ್ತರ ಬಂದಿದೆ. ಅನುಮಾನವಿರುವ ಬಿಲ್ಲನ್ನು ಸದ್ಯಕ್ಕೆ ಪೂರ್ತಿ ಬಿಟ್ಟು ಸಲ್ಲಿಸೋಣ ಎಂದರೆ, ಅಷ್ಟು ತೆರಿಗೆಯನ್ನು ಹೆಚ್ಚಾಗಿ ನಗದಿನಲ್ಲಿ ಕಟ್ಟಲು ಅವರು ಒಪ್ಪಿಲ್ಲ. ಇದ್ದಂತೆಯೇ ಸಲ್ಲಿಸಲು ಸರ್ ಒಪ್ಪಿಲ್ಲ. 3ಬಿಯನ್ನು ಒಮ್ಮೆ ಸಲ್ಲಿಸಿದರೆ ಅದನ್ನೇ ತೆರೆದು ತಿದ್ದಲು ಬರುವುದಿಲ್ಲ. ಉಳಿದದ್ದು ನನ್ನನ್ನು ಕೇಳುವುದೊಂದೇ. ನಾನಾದರೋ 19ರ ರಾತ್ರಿಯೇ ಮೊಬೈಲ್ ಆರಿಸಿ ಅಮ್ಮನ ಬೀರುವಿನಲ್ಲಿ ಇಟ್ಟು, ಓದಿಗೆ ಕುಳಿತಿದ್ದೆ. ಅದನ್ನು ಆಗ ದೊಡ್ಡ ಶಿಸ್ತು ಎಂದುಕೊಂಡಿದ್ದೆ.

21ರ ಸಂಜೆ ಪರೀಕ್ಷೆ ಮುಗಿಸಿ ಬಂದು ಮೊಬೈಲ್ ಹಚ್ಚಿದಾಗ ಅಕ್ಕನ ಸಂದೇಶಗಳು ಸಾಲಾಗಿ ಬಂದವು. ಕೂಡಲೇ ಫೋನ್ ಮಾಡಿ ಹೇಳಿದೆ. ಹೇಳಿ ಮುಗಿಸಲು ಮೂರು ನಿಮಿಷ ಹಿಡಿಯಿತು. ಆದರೆ ಸಲ್ಲಿಕೆಗೆ ಮಾಲೀಕರ ಮೊಬೈಲಿಗೆ ಬರುವ ಒಟಿಪಿ ಬೇಕು, ಅದಕ್ಕೂ ಮೊದಲು ಅವರು ಹಣ ಕಟ್ಟಬೇಕು. ಅವರು ಆ ಹೊತ್ತಿಗೆ ನಂಜನಗೂಡಿನಲ್ಲಿ ನೆಂಟರ ಮದುವೆಯ ಆರತಕ್ಷತೆಯಲ್ಲಿದ್ದರು. ಎಲ್ಲ ಮುಗಿದದ್ದು 22ರಂದು. ವಿಳಂಬ ಶುಲ್ಕ ನೂರು ರೂಪಾಯಿ. ನಗದಿನಲ್ಲಿ ಕಟ್ಟಬೇಕಿದ್ದ 42,000 ರೂಪಾಯಿಗೆ ವರ್ಷಕ್ಕೆ ಶೇಕಡ 18ರಂತೆ ಎರಡು ದಿನದ ಬಡ್ಡಿ ಸುಮಾರು ನಲವತ್ತೊಂದು ರೂಪಾಯಿ. ಸರ್ ಅದನ್ನು ಅಂಗಡಿಯವರಿಂದ ಪಡೆಯುವ ತಮ್ಮ ಶುಲ್ಕದಲ್ಲಿ ಕಳೆದುಕೊಂಡರು. ಹೋಟೆಲಿನಲ್ಲಿ ಇಬ್ಬರು ಮಸಾಲೆ ದೋಸೆ ತಿಂದರೆ ಆಗುವಷ್ಟು ಹಣ. ಆದರೂ ಅಂಗಡಿಯವರು ಎರಡು ಬಾರಿ ಫೋನ್ ಮಾಡಿ, ಹತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ ಎಂದು ಸರ್‌ಗೆ ಹೇಳಿದ್ದಾರೆ. ಹಾಗೆ ಹೇಳುವಾಗ ತಾವು ಆರತಕ್ಷತೆಯಲ್ಲಿದ್ದದ್ದನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.

ಪರೀಕ್ಷೆ ಮುಗಿಸಿ ಮರಳಿದ ದಿನ, ವೇಳಾಪಟ್ಟಿ ತಾತ್ಕಾಲಿಕವಾಗಿತ್ತು, ಅದಕ್ಕೇ ಹೇಳಲಿಲ್ಲ ಎಂದು ಸರ್‌ಗೆ ವಿವರಿಸಿದೆ. "ತಾತ್ಕಾಲಿಕ ಅಂತಲೇ ಹೇಳ್ಬೋದಿತ್ತಲ್ಲ, ನಾನು ಪೆನ್ಸಿಲ್‌ನಲ್ಲಿ ಬರ್ಕೋತಿದ್ದೆ" ಎಂದರು. ಆಗ ಕ್ಯಾಲೆಂಡರನ್ನು ಸರಿಯಾಗಿ ನೋಡಿದೆ. ಕೆಂಪು ಸುತ್ತುಗಳ ನಡುವೆ ಪೆನ್ಸಿಲಿನ ಸಣ್ಣ ಗುರುತುಗಳು ಹಲವು ಇದ್ದವು. ಅಕ್ಕನ ಮಗನ ಶಾಲೆಯ ವಾರ್ಷಿಕೋತ್ಸವ, ಯಾರದೋ ಆಸ್ಪತ್ರೆಯ ತಾರೀಕು. ಕೆಲವನ್ನು ಅಳಿಸಿ ಮುಂದಿನ ಚೌಕಕ್ಕೆ ಸರಿಸಿದ ಗುರುತೂ ಇತ್ತು. ಎಂಟು ತಿಂಗಳಿಂದ ಅದೇ ಗೋಡೆಯ ಎದುರು ಕುಳಿತಿದ್ದೇನೆ.

ನಾನು ಅದುವರೆಗೆ ಮುಂಚಿತವಾಗಿ ತಿಳಿಸುವುದೆಂದರೆ ಮುಂಚಿತವಾಗಿ ರಜೆ ಕೇಳುವುದು ಎಂದಷ್ಟೇ ಭಾವಿಸಿದ್ದೆ. ಹಾಗೆ ನೋಡಿದರೆ ಮೂರು ದಿನ ಮೊದಲೇ ಕೇಳಿದ್ದೆ, ಸಿಕ್ಕಿಯೂ ಇತ್ತು. ಆದರೆ 29ರಂದೇ ಹೇಳಿದ್ದರೆ ಸಿಗುತ್ತಿದ್ದದ್ದು ರಜೆಯಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಕಚೇರಿಯ ಕಡತಕ್ಕೆ ಇಳಿಸುವ ಹದಿನೆಂಟು ದಿನ. 2ಬಿ ಬರುವುದೇ 14ಕ್ಕೆ, 15 ಹಬ್ಬ. ನಾನು ಬಾಯಿಬಿಟ್ಟ 16ರ ಸಂಜೆಗೆ ಹಿಂದಿರುಗಿಸಿದ ಡಬ್ಬಗಳ ನೆನಪು ಬರುವಷ್ಟೂ ವ್ಯವಧಾನ ಉಳಿದಿರಲಿಲ್ಲ.

ಕಳೆದ ಬುಧವಾರ ನಮ್ಮ ವಿಭಾಗದ ಮೇಡಂ ತರಗತಿಯಲ್ಲಿ, ಮೊದಲ ಆಂತರಿಕ ಪರೀಕ್ಷೆ ಬಹುಶಃ ಮಾರ್ಚ್ 10, 11, 12ರಂದು ಇರಬಹುದು ಎಂದರು. ಸೂಚನಾ ಫಲಕದಲ್ಲಿ ಇನ್ನೂ ಏನೂ ಇಲ್ಲ. ಅಂದು ಸಂಜೆಯೇ ಸರ್‌ಗೆ ಹೀಗೆ ಬರೆದು ಕಳಿಸಿದೆ:

"ಸರ್, ಮಾರ್ಚ್ 10, 11, 12ರಂದು ಮಧ್ಯಾಹ್ನ 2ರಿಂದ 3.30ರವರೆಗೆ ಆಂತರಿಕ ಪರೀಕ್ಷೆ ಇರಬಹುದು. ಇನ್ನೂ ಖಚಿತವಿಲ್ಲ, ಮಾರ್ಚ್ 3ರಂದು ಕೇಳಿ ತಿಳಿಸುತ್ತೇನೆ. 10ರಂದು 4.30ಕ್ಕೆ ಬರಬಲ್ಲೆ. 12ರಂದು ಕಾಸ್ಟಿಂಗ್ ಇರುವುದರಿಂದ 11ರಂದು ಬರಲಾಗುವುದಿಲ್ಲ. ನಾನು ನೋಡುವ ವ್ಯಾಪಾರಿಗಳಲ್ಲಿ ಐವರು ಮಾರಾಟದ ಬಿಲ್ಲುಗಳನ್ನು ಸಾಮಾನ್ಯವಾಗಿ 9ರ ನಂತರವೇ ಕೊಡುತ್ತಾರೆ. ಅವರ ಪಟ್ಟಿ ಮತ್ತು ಬಾಕಿ ವಿವರವನ್ನು ಅಕ್ಕನ ಕಡತದಲ್ಲಿ ಹಾಕಿದ್ದೇನೆ. ಪರೀಕ್ಷೆಯ ದಿನಗಳಲ್ಲಿ ರಾತ್ರಿ 8ರಿಂದ 8.30ರವರೆಗೆ ಮೊಬೈಲ್ ಹಚ್ಚಿರುತ್ತೇನೆ."

ಕೊನೆಯ ವಾಕ್ಯವನ್ನು ಎರಡು ಬಾರಿ ಅಳಿಸಿ ಮತ್ತೆ ಬರೆದೆ. ಅರ್ಧ ಗಂಟೆ ಎಂದು ಹೇಳದಿದ್ದರೆ ಇಡೀ ರಾತ್ರಿ ಎಂದಾಗುತ್ತದೆ ಎಂಬ ಭಯವಿತ್ತು. ಮರುದಿನ ಸರ್, 11ರ ಸಂಜೆ ಒಂದು ಗಂಟೆಯಾದರೂ ಬರಲು ಸಾಧ್ಯವೇ ಎಂದು ಕೇಳಿದರು. ಆಗುವುದಿಲ್ಲ ಎಂದೆ, ಕಾಸ್ಟಿಂಗ್ ನನಗೆ ಸುಲಭದ ವಿಷಯವಲ್ಲ. "ಸರಿ, ಆ ಐದು ಜನರದ್ದು 9ಕ್ಕೇ ಮುಗ್ಸೋಣ" ಎಂದು ಕ್ಯಾಲೆಂಡರಿನ ಹಾಳೆ ಎತ್ತಿ, ಮಾರ್ಚಿನ ಮೂರು ಚೌಕಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಹೀಗೆ ಇಪ್ಪತ್ತು ದಿನ ಮೊದಲೇ ಹೇಳಿದರೆ ಎಲ್ಲ ಕಚೇರಿಗಳಲ್ಲೂ ಪೆನ್ಸಿಲ್ ಸಿಗುತ್ತದೆಂದು ನಾನು ನಂಬುವುದಿಲ್ಲ. ಪರೀಕ್ಷೆ ನಿನ್ನ ಸಮಸ್ಯೆ ಎನ್ನುವ ಮೇಲಧಿಕಾರಿಗಳ ಕಥೆಗಳನ್ನು ಗೆಳತಿಯರಿಂದ ಕೇಳಿದ್ದೇನೆ.

ಈಗ ಬಿಲ್ಲುಗಳನ್ನೆಲ್ಲ ಕಚೇರಿಯ ಸಂಖ್ಯೆಗೇ ಕಳಿಸಬೇಕೆಂದು ಹದಿನಾಲ್ಕು ಮಂದಿಗೂ ತಿಳಿಸಿದ್ದೇನೆ. ಬಣ್ಣದ ಅಂಗಡಿಯವರು "ಆಯ್ತಮ್ಮ" ಎಂದು ಉತ್ತರಿಸಿ, ಅದರ ಕೆಳಗೇ ಹೊಸ ಬಿಲ್ಲಿನ ಫೋಟೊವೊಂದನ್ನು ನನ್ನ ಮೊಬೈಲಿಗೆ ಕಳಿಸಿದ್ದಾರೆ.