ಮುಗಿದ ಸಾಲಕ್ಕೆ ಮತ್ತೊಂದು ಕಂತು

2025ರ ಜುಲೈ 5, ಶನಿವಾರ. ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಬೀನ್ಸ್ ತೂಗಿಸುತ್ತಿದ್ದೆ. ಮೊಬೈಲಿಗೆ ಮೆಸೇಜ್ ಬಂತು: ಉಳಿತಾಯ ಖಾತೆಯಿಂದ 6,240 ರೂಪಾಯಿ ಕಡಿತ. ಆ ಮೊತ್ತ ನನಗೆ ಬಾಯಿಪಾಠ. ಸೆಕೆಂಡ್ ಹ್ಯಾಂಡ್ ಕಾರಿಗೆ ಮಾಡಿದ್ದ ಸಾಲದ ಕಂತು. ಆದರೆ ಆ ಸಾಲವನ್ನು ಜೂನ್ 12ಕ್ಕೇ ಪೂರ್ತಿ ಕಟ್ಟಿ ಮುಗಿಸಿದ್ದೆ. ಬಾಕಿ ಏನೂ ಇಲ್ಲ ಅಂತ ಬ್ಯಾಂಕು ಕೊಡುವ ಎನ್‌ಒಸಿ ಪತ್ರ ಕೂಡ ಕೈಗೆ ಬಂದು ಬೀರುವಿನಲ್ಲಿ ಕೂತಿತ್ತು.

ಸಾಲ ಕೊಟ್ಟದ್ದು ಒಂದು ಬ್ಯಾಂಕು, ಸಂಬಳ ಬರುವ ಖಾತೆ ಇರುವುದು ಇನ್ನೊಂದು ಬ್ಯಾಂಕಿನಲ್ಲಿ. ಎರಡರ ಹೆಸರೂ ಇಲ್ಲಿ ಬೇಡ. ಗೊಂದಲ ಶುರುವಾಗುವುದೇ ಈ ಎರಡು ಬ್ಯಾಂಕುಗಳ ನಡುವೆ. ದುಡ್ಡು ಹೋದ ಖಾತೆ ಎಲ್ಲಿದೆಯೋ ಅಲ್ಲಿಗೆ ಹೋಗಿ ಕೇಳೋಣ ಅಂತಲೇ ಯಾರಿಗಾದರೂ ಅನಿಸುತ್ತದೆ. ಮಾರ್ಕೆಟ್‌ನಿಂದ ನಾನೂ ನೇರ ಅಲ್ಲಿಗೇ ಹೋದೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ ಹೇಳಿದ: "ಸರ್, ಇದು ನಾವು ತೆಗೆದಿದ್ದಲ್ಲ. ಅವರು ಕೇಳಿದ್ರು, ನಿಮ್ಮ ಮ್ಯಾಂಡೇಟ್ ಚಾಲ್ತಿಯಲ್ಲಿತ್ತು, ಹೋಗಿದೆ. ನಮ್ಮ ಕಡೆಯಿಂದ ವಾಪಸ್ ಮಾಡೋಕೆ ಬರಲ್ಲ."

ಕೋಪ ಬಂತು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಸಾಲ ಮಾಡುವಾಗ ನಾವು ಒಂದು ಮ್ಯಾಂಡೇಟ್‌ಗೆ ಸಹಿ ಹಾಕಿರುತ್ತೇವೆ. 'ತಿಂಗಳು ತಿಂಗಳು ಇಷ್ಟರವರೆಗೆ ನನ್ನ ಖಾತೆಯಿಂದ ತಗೊಳ್ಳಿ' ಅನ್ನುವ ಒಪ್ಪಿಗೆ ಅದು. ಬ್ಯಾಂಕುಗಳ ನಡುವೆ ಇಂಥ ಕಂತುಗಳನ್ನು ಸಾಗಿಸಲು ಎನ್‌ಪಿಸಿಐ ಸಂಸ್ಥೆ ನಡೆಸುವ ನಾಚ್ ವ್ಯವಸ್ಥೆಯಲ್ಲಿ ಅದು ದಾಖಲಾಗಿ, ಅದಕ್ಕೊಂದು 20 ಅಕ್ಷರ-ಅಂಕಿಗಳ ಯುಎಂಆರ್‌ಎನ್ ಸಂಖ್ಯೆ ಸಿಗುತ್ತದೆ. ಸಾಲದ ಖಾತೆ ಬೇರೆ, ಈ ಮ್ಯಾಂಡೇಟ್ ಬೇರೆ. ಸಾಲ ಮುಚ್ಚಿದ ಮಾತ್ರಕ್ಕೆ ಮ್ಯಾಂಡೇಟ್ ತಾನಾಗಿ ಸಾಯುವುದಿಲ್ಲ. ಯಾರಾದರೂ ಅದನ್ನು ರದ್ದು ಮಾಡಬೇಕು. ನನ್ನ ಖಾತೆ ಇರುವ ಬ್ಯಾಂಕಿಗೆ ನನ್ನ ಸಾಲ ಮುಗಿದಿದೆಯೋ ಇಲ್ಲವೋ ಗೊತ್ತಾಗುವ ದಾರಿಯೇ ಇಲ್ಲ. ಮ್ಯಾಂಡೇಟ್ ಜೀವಂತ ಇದೆಯಾ, ದುಡ್ಡು ಇದೆಯಾ, ಇಷ್ಟನ್ನೇ ಅದು ನೋಡುತ್ತದೆ.

ಹಾಗಾಗಿ ದುಡ್ಡು ವಾಪಸ್ ಕೇಳಬೇಕಾದ್ದು ಸಾಲ ಕೊಟ್ಟ ಬ್ಯಾಂಕನ್ನು. ಮುಂದಿನ ಕಂತು ಹೋಗದಂತೆ ತಡೆಯಲು ಮಾತ್ರ ಖಾತೆ ಇರುವ ಬ್ಯಾಂಕಿನಲ್ಲೂ ಕೆಲಸ ಇದೆ. ಅಲ್ಲೇ ಮ್ಯಾಂಡೇಟ್ ರದ್ದು ಮಾಡಲು ಒಂದು ಅರ್ಜಿ ಕೊಟ್ಟೆ. ಅದಕ್ಕೆ ಯುಎಂಆರ್‌ಎನ್ ಬೇಕು ಅಂದರು, ಅವರೇ ಕಂಪ್ಯೂಟರಿನಿಂದ ಬರೆದುಕೊಟ್ಟರು. ಬ್ಯಾಂಕಿನ ಹೆಸರು ಮಾತ್ರ ಬರೆದು 'ಇವರದ್ದು ನಿಲ್ಲಿಸಿ' ಅಂದರೆ ಅಪಾಯ. ಅದೇ ಬ್ಯಾಂಕಿಗೆ ನಮ್ಮದು ಬೇರೊಂದು ಕಂತೂ ಹೋಗುತ್ತಿದ್ದರೆ ತಪ್ಪಾಗಿ ಅದೇ ನಿಂತುಹೋಗಬಹುದು.

ಗೆಳೆಯ ಮಂಜಣ್ಣ ಇನ್ನೊಂದು ಉಪಾಯ ಹೇಳಿದ್ದ. "ಸುಮ್ನೆ ಐದನೇ ತಾರೀಕು ಖಾತೇಲಿ ದುಡ್ಡೇ ಇಡಬೇಡ, ಏನು ತಗೋತಾರೆ?" ಕೇಳೋಕೆ ಚೆನ್ನಾಗಿದೆ. ಆದರೆ ದುಡ್ಡಿಲ್ಲದೆ ಕಂತು ವಾಪಸಾದರೆ ನಮ್ಮ ಬ್ಯಾಂಕೇ ನಮಗೆ ದಂಡ ಹಾಕುತ್ತದೆ. ಅದರ ರುಚಿ ನನಗೆ ಎರಡೇ ದಿನದಲ್ಲಿ ಸಿಕ್ಕಿತು. ವಿಮೆಯ ಕಂತಿಗೆ ಅಂತ ಖಾತೆಯಲ್ಲಿ ಲೆಕ್ಕ ಹಾಕಿ ದುಡ್ಡು ಬಿಟ್ಟಿದ್ದೆ. 6,240 ಹೋದ ಮೇಲೆ ಅದು ಸಾಲಲಿಲ್ಲ. ಸೋಮವಾರ ವಿಮೆಯ ಕಂತು ವಾಪಸಾಯಿತು. ಜೊತೆಗೆ ದಂಡ 250 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 45, ಒಟ್ಟು 295. ಯಾರದೋ ತಪ್ಪಿಗೆ ನನಗೆ ದಂಡ.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ ಬಿ.ಎಂ. ರಸ್ತೆಯಲ್ಲಿರುವ ಸಾಲದ ಬ್ಯಾಂಕಿಗೆ ಹೋದೆ. ಸಾಲದ ವಿಭಾಗದ ಮೇಡಂ ಸಮಾಧಾನದವರು. "ಸರ್, ನೀವು ಕ್ಲೋಸ್ ಮಾಡೋ ಮೊದಲೇ ಫೈಲ್ ಹೋಗಿರತ್ತೆ. ಅದಕ್ಕೇ ಬಂದಿದೆ" ಅಂದರು.

ಈ ಮಾತು ಕೆಲವು ಸಲ ನಿಜವೇ. ಕಂತು ವಸೂಲಿಯ ಪಟ್ಟಿಯನ್ನು ಬ್ಯಾಂಕುಗಳು ಕೆಲವು ದಿನ ಮೊದಲೇ ಸಿದ್ಧ ಮಾಡುತ್ತವೆ. ಐದಕ್ಕೆ ಕಂತು ಇದ್ದು, ಮೂರನೇ ತಾರೀಕು ಸಾಲ ಮುಚ್ಚಿದರೆ ಹಳೆಯ ಪಟ್ಟಿಯಲ್ಲಿ ನಮ್ಮ ಹೆಸರು ಉಳಿದಿರುತ್ತದೆ. ಅಂಥ ಕಡಿತ ಒಂದೇ ಸಲ ಆಗುತ್ತದೆ, ಮುಂದಿನ ತಿಂಗಳು ಬರುವುದಿಲ್ಲ. ನನ್ನದು ಹಾಗಲ್ಲ. ಜೂನ್ 12ಕ್ಕೂ ಜುಲೈ 5ಕ್ಕೂ ಮೂರು ವಾರದ ಅಂತರ. ಅಷ್ಟು ಹಿಂದೆ ಯಾವ ಪಟ್ಟಿಯೂ ಹೋಗುವುದಿಲ್ಲ. ಅಂದರೆ ವಸೂಲಿಯ ಕಡೆ ನನ್ನ ಹೆಸರನ್ನು ತೆಗೆದೇ ಇಲ್ಲ. ಆಗಸ್ಟ್ 5ಕ್ಕೂ ಬರುತ್ತದೆ.

ಎನ್‌ಒಸಿಯ ತಾರೀಕು ತೋರಿಸಿ ಇದನ್ನೇ ಹೇಳಿದೆ. ಮೇಡಂ ಮತ್ತೊಮ್ಮೆ ಕಂಪ್ಯೂಟರ್ ನೋಡಿದರು. ಸಾಲದ ಖಾತೆ ಮುಚ್ಚಿದೆ ಅಂತಲೇ ತೋರಿಸುತ್ತಿತ್ತು. ಹಾಗಾದರೆ ನನ್ನ 6,240 ಎಲ್ಲಿ? ಮುಚ್ಚಿದ ಖಾತೆಗೆ ಜಮಾ ಆಗದೆ ಅದು ಬ್ಯಾಂಕಿನ ಸಸ್ಪೆನ್ಸ್ ಖಾತೆಯಲ್ಲಿ ಕೂತಿತ್ತು. ಯಾರದ್ದೆಂದು ತಿಳಿಯದ ದುಡ್ಡನ್ನು ಇಡುವ ಜಾಗ ಅದು. ಯಾರಾದರೂ ಬಂದು ಲೆಕ್ಕ ತೋರಿಸಿ ಕೇಳುವವರೆಗೂ ಅಲ್ಲೇ ಇರುತ್ತದೆ.

"ಒಂದು ಲೆಟರ್ ಕೊಡಿ ಸರ್, ಹೆಡ್ ಆಫೀಸ್‌ಗೆ ಕಳಿಸ್ತೀವಿ" ಅಂದರು ಮೇಡಂ.

ಅಲ್ಲೇ ಸ್ಟೂಲಿನ ಮೇಲೆ ಕೂತು ನಾಲ್ಕು ಸಾಲು ಗೀಚಿಕೊಡಬಹುದಿತ್ತು. ಪಕ್ಕದಲ್ಲಿದ್ದ ಒಬ್ಬರು ಹಾಗೇ ಮಾಡುತ್ತಿದ್ದರು. 'ನನ್ನ ಹಣ ತಪ್ಪಾಗಿ ಕಡಿತವಾಗಿದೆ, ದಯವಿಟ್ಟು ವಾಪಸ್ ಮಾಡಿ.' ಇಂಥ ಪತ್ರ ಬೆಂಗಳೂರಿಗೋ ಮುಂಬೈಗೋ ಹೋದರೆ ಅಲ್ಲಿ ಕೂತವರು ಯಾವ ಸಾಲ, ಯಾವ ಕಡಿತ ಅಂತ ಹುಡುಕಬೇಕು. ಹುಡುಕುವ ಬದಲು 'ವಿವರ ಸಾಲದು' ಅಂತ ಹಿಂದಕ್ಕೆ ಕಳಿಸುವುದು ಅವರಿಗೆ ಸುಲಭ. ನಾನು ಮನೆಗೆ ಹೋಗಿ, ಪಾಸ್‌ಬುಕ್ ಎದುರಿಟ್ಟುಕೊಂಡು ಬರೆದೆ. ಸಂಖ್ಯೆಗಳನ್ನು ಬಿಟ್ಟು ಪತ್ರ ಹೀಗಿತ್ತು:

"ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಮುಕ್ತಾಯವಾದ ಕಾರು ಸಾಲಕ್ಕೆ 05-07-2025ರಂದು ತಪ್ಪಾಗಿ ಕಡಿತವಾದ ರೂ. 6,240 ಹಿಂತಿರುಗಿಸುವ ಬಗ್ಗೆ.

ಸಾಲದ ಖಾತೆ ಸಂಖ್ಯೆ ....ರ ಪೂರ್ಣ ಬಾಕಿಯನ್ನು ನಾನು 12-06-2025ರಂದು ಪಾವತಿಸಿದ್ದೇನೆ. ತಾವು 20-06-2025ರಂದು ಎನ್‌ಒಸಿ ನೀಡಿದ್ದೀರಿ. ಆದರೂ 05-07-2025ರಂದು ನನ್ನ ಉಳಿತಾಯ ಖಾತೆ ಸಂಖ್ಯೆ ....ಯಿಂದ ಯುಎಂಆರ್‌ಎನ್ ....ರ ಮ್ಯಾಂಡೇಟ್ ಮೂಲಕ ರೂ. 6,240 ಪಡೆಯಲಾಗಿದೆ. ಆ ದಿನ ನಾನು ತಮಗೆ ಯಾವ ಬಾಕಿಯನ್ನೂ ಕೊಡಬೇಕಿರಲಿಲ್ಲ.

ಈ ಮೊತ್ತವನ್ನು ಕಡಿತದ ದಿನಾಂಕದಿಂದಲೇ ಲೆಕ್ಕ ಹಿಡಿದು ಅದೇ ಉಳಿತಾಯ ಖಾತೆಗೆ ಜಮಾ ಮಾಡಬೇಕು. ಬೇರೆ ಯಾವ ಖಾತೆಗೂ ಹೊಂದಿಸಿಕೊಳ್ಳಬಾರದು. ಈ ಕಡಿತದಿಂದ 07-07-2025ರಂದು ನನ್ನ ವಿಮೆ ಕಂತು ವಾಪಸಾಗಿ ರೂ. 295 ದಂಡ ಬಿದ್ದಿದೆ. ಅದನ್ನೂ ಭರಿಸಿಕೊಡಬೇಕು. ಮೇಲಿನ ಮ್ಯಾಂಡೇಟ್ ರದ್ದು ಮಾಡಿ ಲಿಖಿತವಾಗಿ ತಿಳಿಸಬೇಕು."

ಕೆಳಗೆ ಸಹಿ, ಫೋನ್ ನಂಬರು. ಜೊತೆಗೆ ಎನ್‌ಒಸಿ ಜೆರಾಕ್ಸ್, ಕೊನೆಯ ಪಾವತಿಯ ರಸೀದಿ, ಎರಡೂ ಕಡಿತ ಕಾಣುವ ಪಾಸ್‌ಬುಕ್ ಪುಟ, ಒಂದು ಕ್ಯಾನ್ಸಲ್ ಮಾಡಿದ ಚೆಕ್.

ಪತ್ರದಲ್ಲಿ ಬೈಗುಳ ಇಲ್ಲ, ಪೀಠಿಕೆ ಇಲ್ಲ. 'ತಮ್ಮ ಬ್ಯಾಂಕಿನ ಹಳೆಯ ಗ್ರಾಹಕನಾದ ನಾನು' ಅಂತ ಶುರು ಮಾಡುವ ಆಸೆಯಾಗಿತ್ತು, ಬಿಟ್ಟೆ. ಓದುವವರಿಗೆ ಬೇಕಾದ್ದು ಎರಡೇ ತಾರೀಕು: ಸಾಲ ಮುಗಿದದ್ದು ಯಾವತ್ತು, ದುಡ್ಡು ತೆಗೆದದ್ದು ಯಾವತ್ತು. ಎರಡನ್ನೂ ಒಂದೇ ಪ್ಯಾರಾದಲ್ಲಿ ಇಟ್ಟರೆ ವಾದ ಮಾಡುವ ಅಗತ್ಯವೇ ಇಲ್ಲ. ಹೊಂದಿಸಿಕೊಳ್ಳಬಾರದು ಅಂತ ಬರೆದದ್ದಕ್ಕೂ ಕಾರಣ ಇದೆ. ಅದೇ ಬ್ಯಾಂಕಿನಲ್ಲಿ ನನ್ನದೊಂದು ಚಿನ್ನದ ಸಾಲ ಇದೆ. ಕೇಳದೆ ಅದಕ್ಕೆ ಜಮಾ ಮಾಡಿ 'ಸರಿಯಾಯ್ತಲ್ಲ' ಅಂದುಬಿಟ್ಟರೆ ಮತ್ತೆ ಬೇರೆ ಕಥೆ.

ಕಡಿತದ ದಿನಾಂಕದಿಂದ ಲೆಕ್ಕ ಹಿಡಿಯುವುದು ನನ್ನ ಮಟ್ಟಿಗೆ ದೊಡ್ಡ ಮಾತಲ್ಲ. ಉಳಿತಾಯ ಖಾತೆಯ ಬಡ್ಡಿ ಲೆಕ್ಕ ಹಾಕಿದರೆ ಸುಮಾರು ಹತ್ತು ರೂಪಾಯಿ. ಆದರೆ ಕಂತು ಓವರ್‌ಡ್ರಾಫ್ಟ್ ಖಾತೆಯಿಂದ ಹೋಗುತ್ತಿದ್ದರೆ ಹಾಗಲ್ಲ. ಅಲ್ಲಿ ಹೋದ ದುಡ್ಡಿಗೆ ನಾವೇ ಬಡ್ಡಿ ಕಟ್ಟುತ್ತಿರುತ್ತೇವೆ. ಅಂಥವರು ಪತ್ರದ ಈ ವಾಕ್ಯವನ್ನು ಬಿಡಲೇಬಾರದು.

ಮಾರನೇ ದಿನ ಪತ್ರ ಕೊಟ್ಟಾಗ ಮೇಡಂ ಎನ್‌ಒಸಿಯ ಅಸಲು ಪ್ರತಿ ಕೇಳಿದರು. ಕೊಡಲಿಲ್ಲ. ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಫಾರಂ 35ರ ಜೊತೆ ಅದು ಬೇಕು. ತೋರಿಸಿ ವಾಪಸ್ ತಗೊಂಡೆ. ನನ್ನ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೆ. ಮೊದಲು ಸೀಲು ಮಾತ್ರ ಒತ್ತಿದ್ದರು. ತಾರೀಕು ಇಲ್ಲದ ಸೀಲಿಗೆ ಬೆಲೆ ಕಡಿಮೆ. ಬ್ಯಾಂಕು ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ಶುಲ್ಕ ಇಲ್ಲ. ಆದರೆ ಮೊದಲು ಬ್ಯಾಂಕಿಗೇ ಬರೆದಿರಬೇಕು. ಆ 30 ದಿನ ಎಣಿಸುವುದು ಈ ತಾರೀಕಿನಿಂದ.

ಜುಲೈ 24ಕ್ಕೆ 6,240 ಜಮಾ ಆಯಿತು. ಪತ್ರಕ್ಕೆ ಉತ್ತರ ಮಾತ್ರ ಇಲ್ಲ. 295ರ ಸುದ್ದಿಯೂ ಇಲ್ಲ. ಶಾಖೆಯಲ್ಲಿ ಕೇಳಿದರೆ, "ಅದು ನಿಮ್ಮ ಬ್ಯಾಂಕ್ ಹಾಕಿದ್ದಲ್ವಾ ಸರ್" ಅಂದರು. ಹೌದು, ಹಾಕಿದ್ದು ಅವರೇ. ಆದರೆ ಖಾತೆ ಖಾಲಿ ಮಾಡಿದ್ದು ಯಾರು? ಬಹಳ ಜನ ಇಲ್ಲಿಗೆ ಕೈಬಿಡುತ್ತಾರೆ. ದೊಡ್ಡ ದುಡ್ಡು ಬಂತಲ್ಲ, ಮುನ್ನೂರು ರೂಪಾಯಿಗೆ ಯಾರು ಅಲೆಯುತ್ತಾರೆ ಅಂತ. ನನಗೆ ಹಟ. ಮೊದಲ ಪತ್ರದ ತಾರೀಕು ಹಾಕಿ ಇನ್ನೊಂದು ಸಣ್ಣ ಪತ್ರ ಬರೆದೆ. 5ರ ಬೆಳಿಗ್ಗೆ ಖಾತೆಯಲ್ಲಿ ಎಷ್ಟಿತ್ತು, ಕಡಿತದ ನಂತರ ಎಷ್ಟು ಉಳಿಯಿತು, ವಿಮೆಗೆ ಎಷ್ಟು ಬೇಕಿತ್ತು, ಈ ಮೂರು ಅಂಕಿ ಬರೆದು ಪಾಸ್‌ಬುಕ್ ಪುಟವನ್ನು ಮತ್ತೆ ಲಗತ್ತಿಸಿದೆ. 30 ದಿನ ಯಾವತ್ತು ಮುಗಿಯುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತೇನೆ ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿದೆ.

ಗಡುವಿಗೆ ಮೊದಲೇ 295 ಬಂತು. ಅದರ ಜೊತೆ ಮ್ಯಾಂಡೇಟ್ ರದ್ದಾಗಿದೆ ಅನ್ನುವ ಎರಡು ಸಾಲಿನ ಇಮೇಲ್. ಆಗಸ್ಟ್ 5ಕ್ಕೆ ಯಾವ ಮೆಸೇಜೂ ಬರಲಿಲ್ಲ. ಇನ್ನು ಸಾಲದ ಇತಿಹಾಸದ ವರದಿ ತೆಗೆಸಿ, ಈ ಸಾಲ ಅಲ್ಲಿ 'ಕ್ಲೋಸ್ಡ್' ಅಂತ ಇದೆಯಾ ನೋಡಬೇಕು. ವಸೂಲಿಯ ಕಡೆ ಹೆಸರು ತೆಗೆಯಲು ಮರೆತವರು ಅಲ್ಲೂ ಮರೆತಿರಬಹುದು.