ಮೇಷ್ಟ್ರ ತಪ್ಪುಗಳ ಪುಸ್ತಕ

ಮೇಷ್ಟ್ರು ತೀರಿಕೊಂಡ ಮೇಲೆ ನಡೆದ ನುಡಿನಮನದ ಸಭೆಯಲ್ಲಿ, ನನಗಿಂತ ಮೊದಲು ಮಾತಾಡಿದವರೆಲ್ಲ ಒಂದೇ ಶ್ಲೋಕ ಹೇಳಿದರು. ‘ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ.’ ಆಮೇಲೆ, ನಮ್ಮ ಮೇಷ್ಟ್ರು ಫಲಾಪೇಕ್ಷೆ ಇಲ್ಲದ ಕರ್ಮಯೋಗಿ, ಅಂತ ಹೇಳಿ ಕೈಮುಗಿದು ಕೂತರು. ತಪ್ಪು ಮಾತೇನಲ್ಲ. ಆದರೆ ಈ ಮಾತನ್ನು ನಿವೃತ್ತರಾದ ಯಾವ ಮೇಷ್ಟ್ರ ಬಗ್ಗೆಯೂ ಹೇಳಬಹುದು, ಅಲ್ವಾ? ಫೋಟೋ ಬದಲಾಯಿಸಿದರೆ ಸಾಕು.

ನನಗೆ ಐದು ನಿಮಿಷ ಕೊಟ್ಟಿದ್ದರು. ಹಿಂದಿನ ವಾರ ಮೇಷ್ಟ್ರ ಮಗಳು ಫೋನ್ ಮಾಡಿ, ‘ಅಪ್ಪನ ಬಗ್ಗೆ ನಾಲ್ಕು ಮಾತು ಹೇಳಿ ಅಣ್ಣ. ದೇವರು ಮಾತ್ರ ಮಾಡಬೇಡಿ’ ಅಂದಿದ್ದಳು. ಏನು ಹೇಳಬೇಕೋ ತೋಚದೆ ಅವರ ಮನೆಗೆ ಹೋದೆ. ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಇದ್ದ ನೋಟ್‌ಬುಕ್ಕುಗಳನ್ನು ಅವಳು ನನ್ನ ಮುಂದೆ ಇಟ್ಟಳು. ಮಕ್ಕಳು ಬರೆಯುವಂಥವೇ, ಚೌಕದ ಗೆರೆ ಇರುವ ಲೆಕ್ಕದ ಪುಸ್ತಕಗಳು. ಒಳಗೆಲ್ಲ ಪೆನ್ಸಿಲ್ ಬರಹ. ಮೇಲೆ ‘ತಪ್ಪುಗಳು’ ಅಂತ ಮಾತ್ರ ಬರೆದಿತ್ತು.

ಮೇಷ್ಟ್ರು ಪ್ರೈಮರಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಮಕ್ಕಳು ಮಾಡಿದ ತಪ್ಪುಗಳನ್ನು ಇದರಲ್ಲಿ ಬರೆದಿಟ್ಟುಕೊಂಡಿದ್ದರು. ಒಂದು ಮಗುವಿನ ಹೆಸರೂ ಇಲ್ಲ, ಒಂದು ಅಂಕವೂ ಇಲ್ಲ. ತಪ್ಪು ಏನು, ಅದು ಯಾಕೆ ಬಂತು, ಏನು ಮಾಡಿದೆ, ಏನಾಯಿತು, ಅಷ್ಟೇ. ನಾನು ಅಲ್ಲೇ ನೆಲದ ಮೇಲೆ ಕೂತು ಓದಿದೆ. ಸಭೆಯಲ್ಲಿ ಹೇಳಿದ್ದು ಅದರ ಒಂದೇ ಒಂದು ಪುಟದ ಕಥೆ. ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒಂದು ಮಗು 304ರಲ್ಲಿ 126 ಕಳೆದು 222 ಅಂತ ಬರೆದಿದೆ. ಸರಿ ಉತ್ತರ 178. ಸಾಮಾನ್ಯವಾಗಿ ಏನಾಗುತ್ತದೆ? ಕೆಂಪು ಪೆನ್ನಿನಲ್ಲಿ ಒಂದು ಗೀಟು, ‘ಗಮನವಿಟ್ಟು ಮಾಡು’ ಅಂತ ಒಂದು ಮಾತು. ಮೇಷ್ಟ್ರ ಪ್ರಕಾರ ಈ ಮಗು ಗಮನವಿಟ್ಟೇ ಮಾಡಿದೆ. ಬಿಡಿ ಸ್ಥಾನದಲ್ಲಿ 4 ಮತ್ತು 6. ನಾಲ್ಕರಲ್ಲಿ ಆರು ಹೋಗುವುದಿಲ್ಲ, ಹಾಗಾಗಿ ಆರರಲ್ಲೇ ನಾಲ್ಕು ಕಳೆದಿದೆ. ಎರಡು ಬಂತು. ಹತ್ತರ ಸ್ಥಾನದಲ್ಲಿ 0 ಮತ್ತು 2, ಅಲ್ಲೂ ಎರಡು. ನೂರರ ಸ್ಥಾನದಲ್ಲಿ ಮೂರರಲ್ಲಿ ಒಂದು ಹೋದರೆ ಮತ್ತೆ ಎರಡು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಯಾರೋ ಹೇಳಿಕೊಟ್ಟಿದ್ದನ್ನು ಅದು ಪ್ರತಿ ಸಾಲಿನಲ್ಲೂ ನಿಯತ್ತಾಗಿ ಪಾಲಿಸಿದೆ. ಪುಟದ ಅಂಚಿನಲ್ಲಿ ಮೇಷ್ಟ್ರು ಬರೆದಿದ್ದಾರೆ: ‘ಹೇಳಿಕೊಟ್ಟವನು ನಾನೇ ಇರಬೇಕು.’

ಆದರೆ ಇದು ಊಹೆ ತಾನೇ? ಖಚಿತ ಮಾಡಿಕೊಳ್ಳಲು ಇನ್ನೊಂದು ಲೆಕ್ಕ ಕೊಡಬೇಕು. ನನಗೆ ಮೈ ಜುಂ ಅಂದಿದ್ದು ಇಲ್ಲಿ. ಅವರು ಮೊದಲು 52ರಲ್ಲಿ 27 ಕಳೆಯಲು ಕೊಟ್ಟಿದ್ದಾರೆ. ಮಗು 35 ಅಂತ ಬರೆದಿದೆ. ಕೆಳಗೆ ಮೇಷ್ಟ್ರ ಟಿಪ್ಪಣಿ: ‘ಈ ಲೆಕ್ಕ ಬೇಡ. ಎರಡು ತಪ್ಪಿಗೂ 35 ಬರುತ್ತೆ. 53 – 27 ಕೊಡು.’

ಕೂತು ಮಾಡಿ ನೋಡಿದೆ. ಚಿಕ್ಕ ಅಂಕಿಯನ್ನು ದೊಡ್ಡದರಲ್ಲಿ ಕಳೆಯುವ ಮಗು, ಏಳರಲ್ಲಿ ಎರಡು ಕಳೆದು ಐದು, ಐದರಲ್ಲಿ ಎರಡು ಕಳೆದು ಮೂರು, 35 ಬರೆಯುತ್ತದೆ. ಇನ್ನೊಂದು ಜಾತಿಯ ತಪ್ಪಿದೆ. ಪಕ್ಕದಿಂದ ದಶಕ ತಗೊಳ್ಳುವುದು ಗೊತ್ತು, ಕೊಟ್ಟ ಮನೆಯಲ್ಲಿ ಒಂದು ಕಡಿಮೆ ಮಾಡುವುದು ಮರೆತುಹೋಗುತ್ತದೆ. ಆ ಮಗು ಹನ್ನೆರಡರಲ್ಲಿ ಏಳು ಕಳೆದು ಐದು, ಐದರಲ್ಲಿ ಎರಡು ಕಳೆದು ಮೂರು, ಅದೂ 35 ಬರೆಯುತ್ತದೆ. ಇಬ್ಬರ ತಲೆಯಲ್ಲಿ ನಡೆದದ್ದು ಬೇರೆ ಬೇರೆ, ಹಾಳೆಯ ಮೇಲೆ ಬಂದದ್ದು ಒಂದೇ. ಅದೇ 53 – 27 ಕೊಟ್ಟರೆ ಮೊದಲಿನ ಮಗು 34 ಬರೆಯುತ್ತದೆ, ಎರಡನೆಯದು 36. ಸರಿಯಾಗಿ ಬಲ್ಲದ್ದು 26. ಉತ್ತರ ನೋಡಿದ ಕೂಡಲೇ ಎಲ್ಲಿ ಎಡವಿದೆ ಅಂತ ಗೊತ್ತಾಗುತ್ತದೆ.

ಸುಮ್ನೆ ಒಂದಂಕಿ ಬದಲಾಯಿಸಿದ್ದಾರೆ ಅಷ್ಟೇ. ಆದರೆ ಆ ಒಂದಂಕಿಗಾಗಿ ಒಬ್ಬ ಮನುಷ್ಯ ರಾತ್ರಿ ಮನೆಯಲ್ಲಿ ಕೂತು ಯೋಚನೆ ಮಾಡಿದ್ದಾನೆ. ಯಾರೂ ನೋಡುತ್ತಿರಲಿಲ್ಲ. ತಪಾಸಣೆಗೆ ಬರುವವರು ಪಾಠ ಟಿಪ್ಪಣಿ ಕೇಳುತ್ತಾರೆಯೇ ಹೊರತು, 52 ಬಿಟ್ಟು 53 ಯಾಕೆ ತಗೊಂಡಿರಿ ಅಂತ ಕೇಳುವುದಿಲ್ಲ.

ಆ ಮಗು 34 ಬರೆಯಿತಂತೆ. ಆಮೇಲೆ ಮೇಷ್ಟ್ರು ಕಡ್ಡಿಗಳ ಕಟ್ಟು ತೆಗೆದರು. ಹತ್ತತ್ತು ಕಡ್ಡಿಯ ಐದು ಕಟ್ಟು, ಮೂರು ಬಿಡಿ ಕಡ್ಡಿ. ಇದರಲ್ಲಿ ಇಪ್ಪತ್ತೇಳು ನನಗೆ ಕೊಡು, ಅಂತ ಕೈಚಾಚಿದರು. ಮೂರೇ ಬಿಡಿ ಕಡ್ಡಿ ಇವೆ, ಏಳು ಕೊಡಬೇಕು. ಕಟ್ಟು ಬಿಚ್ಚದೆ ದಾರಿಯಿಲ್ಲ. ಬಿಚ್ಚಿದ ಮೇಲೆ ಉಳಿಯುವುದು ನಾಲ್ಕೇ ಕಟ್ಟು, ಅದು ಕಣ್ಣಿಗೇ ಕಾಣುತ್ತದೆ. ಕಡ್ಡಿಯಲ್ಲಿ ಸರಿ ಬಂತು. ಹಾಳೆಗೆ ಹೋದ ಕೂಡಲೇ ಮತ್ತೆ 34. ಟಿಪ್ಪಣಿ: ‘ಆಗಲಿಲ್ಲ.’ ಮಾರನೆಯ ದಿನ ಕಡ್ಡಿಯನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಒಂದು ಕಟ್ಟು ಬಿಚ್ಚಿದಾಗಲೆಲ್ಲ ಹಾಳೆಯಲ್ಲೂ ಐದು ಹೊಡೆದು ನಾಲ್ಕು ಬರೆಸಿದ್ದಾರೆ. ‘ಬಂತು.’ ಹದಿನೈದು ದಿನ ಬಿಟ್ಟು ಅದೇ ಪುಟದಲ್ಲಿ ಮತ್ತೆ: ‘ಮರೆತಿದೆ. ಮತ್ತೆ ಕಡ್ಡಿ.’

ಈ ‘ಆಗಲಿಲ್ಲ’ ಪುಸ್ತಕದ ತುಂಬ ಇದೆ. ಮಗು ದಡ್ಡ ಅಂತ ಎಲ್ಲೂ ಇಲ್ಲ. ನನ್ನಿಂದ ಆಗದು ಅನ್ನುವ ಗೋಳೂ ಇಲ್ಲ. ‘ಬಂತು’ ಅನ್ನುವುದರ ಪಕ್ಕ ಸಂತೋಷದ ಒಂದು ಗುರುತೂ ಇಲ್ಲ. ಎರಡೂ ಒಂದೇ ಅಳತೆಯ ಅಕ್ಷರ. ಎಲ್ಲರೂ ಹೇಳುವ ಶ್ಲೋಕದ ಮುಂದಿನದೇ ಶ್ಲೋಕ, ಗೀತೆಯ ಎರಡನೇ ಅಧ್ಯಾಯದ 48ನೆಯದು, ‘ಸಿದ್ಧ್ಯಸಿದ್ಧ್ಯೋಃ ಸಮೋ ಭೂತ್ವಾ’ ಅನ್ನುತ್ತದೆ. ಆದರೂ ಸರಿ, ಆಗದಿದ್ದರೂ ಸರಿ, ಸಮವಾಗಿರು ಅಂತ. ಓದಿದಾಗ ಇದು ಋಷಿಗಳಿಗೆ ಹೇಳಿದ್ದು ಅನ್ನಿಸುತ್ತಿತ್ತು. ಪೆನ್ಸಿಲ್ಲಿನಲ್ಲಿ ಬರೆದ ‘ಆಗಲಿಲ್ಲ’ ನೋಡಿದ ಮೇಲೆ ಹಾಗನ್ನಿಸುತ್ತಿಲ್ಲ. ಆಗಲಿಲ್ಲ ಅಂದರೆ ನಾಳೆ ಬೇರೆ ಥರ ಮಾಡಬೇಕು, ಅಷ್ಟೇ. ಆಗದೇ ಹೋದದ್ದನ್ನು ಅವಮಾನ ಅಂದುಕೊಂಡಿದ್ದರೆ ಅವರು ಅದನ್ನು ಬರೆದಿಡುತ್ತಲೇ ಇರಲಿಲ್ಲ.

ಸಭೆಯಲ್ಲಿ ನಾನು ಸ್ವಲ್ಪ ಜಗಳಗಂಟನ ಹಾಗೆ ಮಾತಾಡಿದೆ ಅನ್ನಿಸುತ್ತದೆ. ಮೇಷ್ಟ್ರಿಗೆ ಫಲ ಬೇಡವಾಗಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ ಅಂದೆ. ಬೇಕಿತ್ತು. ಜಾಸ್ತಿಯೇ ಬೇಕಿತ್ತು. ಆ ಮಗುವಿಗೆ ಕಳೆಯುವ ಲೆಕ್ಕ ಬರಲೇಬೇಕಿತ್ತು, ಇಲ್ಲದಿದ್ದರೆ 53 ಹುಡುಕುತ್ತಿರಲಿಲ್ಲ. ಬೇಡವಾಗಿದ್ದದ್ದು ಅದರಿಂದ ತನಗೇನು ಸಿಗುತ್ತದೆ ಅನ್ನುವ ಲೆಕ್ಕ. ಗಾಂಧೀಜಿ 1929ರಲ್ಲಿ ಕೌಸಾನಿಯಲ್ಲಿದ್ದಾಗ ತಮ್ಮ ಗೀತಾನುವಾದ ‘ಅನಾಸಕ್ತಿಯೋಗ’ಕ್ಕೆ ಮುನ್ನುಡಿ ಬರೆದರು. ಅದರಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾರೆ. ಫಲತ್ಯಾಗ ಅಂದರೆ ಫಲದ ಬಗ್ಗೆ ಉದಾಸೀನ ಅಲ್ಲ. ಯಾವ ಫಲ ಬರಬೇಕು, ಅದಕ್ಕೆ ಸಾಧನ ಏನು, ನಮಗೆ ಆ ಶಕ್ತಿ ಇದೆಯೇ ಅನ್ನುವುದು ಮಾಡುವವನಿಗೆ ಗೊತ್ತಿರಬೇಕು ಅಂತ. ನಮ್ಮ ಮೇಷ್ಟ್ರು ಅದನ್ನು ಓದಿದ್ದರೋ ಏನೋ. ಮಾಡಿದ್ದಂತೂ ಅದನ್ನೇ.

ಶ್ಲೋಕವನ್ನು ಅರ್ಧಕ್ಕೆ ನಿಲ್ಲಿಸುವುದರ ಬಗ್ಗೆಯೂ ನನಗೆ ಹಳೆಯ ತಕರಾರಿದೆ. ಅದಕ್ಕೆ ನಾಲ್ಕು ಪಾದ. ಕರ್ಮದಲ್ಲಿ ನಿನಗೆ ಅಧಿಕಾರ, ಫಲದಲ್ಲಿ ಇಲ್ಲ, ಇಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಮೂರನೆಯದು, ಫಲಕ್ಕಾಗಿಯೇ ಕೆಲಸ ಮಾಡುವವನಾಗಬೇಡ. ನಾಲ್ಕನೆಯದು ‘ಮಾ ತೇ ಸಂಗೋಽಸ್ತ್ವಕರ್ಮಣಿ’, ಕೆಲಸ ಮಾಡದೇ ಇರುವುದಕ್ಕೂ ಅಂಟಿಕೊಳ್ಳಬೇಡ. ಈ ಕೊನೆಯ ಪಾದ ಬಿಟ್ಟರೆ, ‘ಪಾಠ ಮಾಡಿದ್ದೀನಿ, ಬರೋದು ಬಿಡೋದು ಅವರ ಹಣೆಬರಹ’ ಅನ್ನುವವರೂ ಕರ್ಮಯೋಗಿಗಳೇ ಆಗಿಬಿಡುತ್ತಾರೆ. ಅಂಥವರನ್ನೂ ನಾವು ನೋಡಿದ್ದೇವೆ. ಹೊರಗಿನಿಂದ ನೋಡಿದರೆ ಇಬ್ಬರೂ ಸಮಾಧಾನವಾಗಿಯೇ ಇರುತ್ತಾರೆ. ವ್ಯತ್ಯಾಸ ತಿಳಿಯಬೇಕಾದರೆ ‘ಆಗಲಿಲ್ಲ’ದ ಮಾರನೆಯ ದಿನ ಏನು ಮಾಡಿದರು ಅಂತ ನೋಡಬೇಕು.

ಹೀಗೆ ಹೇಳಿದರೆ ಎಲ್ಲ ಚೆಂದ ಕಾಣುತ್ತದೆ. ಆದರೆ ಅವತ್ತು ಸಭೆಯಲ್ಲಿ ಹೇಳದೆ ಬಿಟ್ಟ ಮಾತೂ ಒಂದಿದೆ. ಮೇಷ್ಟ್ರು ಹೆಡ್‌ಮಾಸ್ಟರ್ ಆಗುವ ಬಡ್ತಿಯನ್ನು ಬೇಡ ಅಂದಿದ್ದರು. ಆಫೀಸಿನ ಕಾಗದಪತ್ರ ಜಾಸ್ತಿಯಾಗಿ ಕ್ಲಾಸು ತಪ್ಪುತ್ತದೆ ಅಂತ. ಪ್ರಶಸ್ತಿಗೆ ಅರ್ಜಿ ಹಾಕಿ ಅಂತ ಜೊತೆಯವರು ಒತ್ತಾಯ ಮಾಡಿದಾಗ ನಕ್ಕು ಸುಮ್ಮನಾದರು. ನಾನು ನೋಟ್‌ಬುಕ್ ಓದುತ್ತಿದ್ದಾಗ ಅವರ ಹೆಂಡತಿ ಬಾಗಿಲಲ್ಲಿ ನಿಂತು, ‘ಅವರಿಗೆ ಬೇಡವಾಗಿತ್ತು ಸರಿ. ನಮಗೆ ಬೇಕಿತ್ತೋ ಇಲ್ಲವೋ ಅಂತ ಒಂದು ಸಲ ಕೇಳಬಹುದಿತ್ತಲ್ಲಪ್ಪ’ ಅಂದರು. ಕೋಪ ಇರಲಿಲ್ಲ, ಆದರೆ ತಮಾಷೆಯ ಮಾತೂ ಅಲ್ಲ. ಬಡ್ತಿ ಬಿಟ್ಟರೆ ಸಂಬಳ, ಆಮೇಲೆ ಪಿಂಚಣಿ, ಎಲ್ಲದರಲ್ಲೂ ಅದು ಕಾಣುತ್ತದೆ. ಫಲ ಬಿಟ್ಟವರು ಒಬ್ಬರು, ಇಲ್ಲದ್ದನ್ನು ಸರಿದೂಗಿಸಿದವರು ಇನ್ನೊಬ್ಬರು. ಆ ತಾಯಿಯ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಷ್ಟು ಸೂಕ್ಷ್ಮವಾಗಿ ಮಕ್ಕಳ ತಲೆಯೊಳಗೆ ಇಣುಕಿದವರಿಗೆ ಇದು ಹೇಗೆ ಕಾಣಲಿಲ್ಲ ಅನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸಭೆ ಮುಗಿದ ಮೇಲೆ ತಲೆ ನರೆತ ಒಬ್ಬರು ಹತ್ತಿರ ಬಂದು, ‘ನೀವು ಹೇಳಿದ ಆ 222 ನಾನೇ ಸಾರ್. ಕಡ್ಡಿ ಕಟ್ಟು ಬಿಚ್ಚಿದ್ದು ಚೆನ್ನಾಗಿ ನೆನಪಿದೆ’ ಅಂದರು. ಅವರ ಕೈ ಕುಲುಕುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸು, ‘ಇಲ್ಲಪ್ಪ, ಅದು ನಾನು’ ಅಂದರು. ಯಾವ ವರ್ಷ, ಯಾವ ಕ್ಲಾಸು ಅಂತ ಇಬ್ಬರಿಗೂ ವಾದ ಶುರುವಾಯಿತು. ಅಷ್ಟರಲ್ಲಿ ಮೂರನೆಯವರೂ ಸೇರಿಕೊಂಡರು, ಅವರು ನಮ್ಮ ಕ್ಲಾಸಿಗೇ ಮೊದಲು ಬರುತ್ತಿದ್ದವರು! ಪುಟದಲ್ಲಿ ಹೆಸರಿಲ್ಲ, ಹಾಗಾಗಿ ತೀರ್ಮಾನ ಮಾಡುವುದಕ್ಕೆ ದಾರಿಯೂ ಇಲ್ಲ. ಮೇಷ್ಟ್ರ ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಈಗ ಆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಡಂ ಪುಸ್ತಕ ಕೇಳಿದ್ದಾರೆ. ಪೆನ್ಸಿಲ್ ಬರಹ ಅಲ್ಲಲ್ಲಿ ಮಾಸಿದೆ, ಝೆರಾಕ್ಸ್‌ನಲ್ಲಿ ಸರಿಯಾಗಿ ಬರುತ್ತಿಲ್ಲ. ಮಾಸಿದ ಪುಟಗಳನ್ನು ಕೈಯಲ್ಲೇ ನಕಲು ಮಾಡಿಕೊಡಲು ನಾವು ಕೆಲವರು ಹಂಚಿಕೊಂಡಿದ್ದೇವೆ. ನನ್ನ ಪಾಲಿಗೆ ಭಿನ್ನರಾಶಿ ಬಂದಿದೆ. ಮೊದಲ ಪುಟದಲ್ಲೇ ಯಾರೋ ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿ ಐದರಲ್ಲೆರಡು ಅಂತ ಬರೆದಿದ್ದಾರೆ. ಅದರ ಕೆಳಗೆ ಮೇಷ್ಟ್ರ ಪ್ರಶ್ನೆ: ‘ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಯಿತಲ್ಲ, ಇದನ್ನು ಅವನೇ ಕಂಡುಹಿಡಿಯುವ ಹಾಗೆ ಮಾಡುವುದು ಹೇಗೆ?’