ಪುಟ್ಟ ಹೋಗಿ ಪಿತಾ ಆದ

ಮಂಗಳವಾರ ರಾತ್ರಿ ಹತ್ತು ಗಂಟೆಗೆ ನಮ್ಮ ಪಕ್ಕದ ಮನೆಯಲ್ಲಿ ನಡೆದದ್ದು ಇಷ್ಟೇ. ತಿಪಟೂರಿನಿಂದ ಅತ್ತೆ ವಾಟ್ಸಾಪಿನಲ್ಲಿ ಮೊಮ್ಮಗನನ್ನು ವಿಚಾರಿಸಿದರು. ಸೊಸೆ ಒಂದು ಕೈಯಲ್ಲಿ ಮಗುವಿನ ಹಣೆ ಮುಟ್ಟಿಕೊಂಡು ಇನ್ನೊಂದು ಕೈಯ ಹೆಬ್ಬೆರಳಲ್ಲಿ ಉತ್ತರಿಸಿದಳು:

Pita ge jwara, malagidane

ಅತ್ತೆ ಇದನ್ನು ‘ಪಿತಾಗೆ ಜ್ವರ’ ಎಂದು ಓದಿಕೊಂಡರು. ಸೊಸೆಯ ಪಿತಾ ಎಂದರೆ ತಮ್ಮ ಬೀಗರು. ತಕ್ಷಣ ಹಾಸನಕ್ಕೆ ಫೋನು ಹೋಯಿತು. ನಿದ್ದೆಯಿಂದ ಎದ್ದ ಬೀಗರಿಗೆ ತಮಗೆ ಜ್ವರ ಬಂದಿರುವ ವಿಷಯ ಆಗಲೇ ಗೊತ್ತಾದದ್ದು. “ನನಗೇನೂ ಆಗಿಲ್ಲವಲ್ಲ ಬೀಗಿತ್ತಿಯವರೇ” ಎಂದರೂ ಇವರು ನಂಬಲಿಲ್ಲವಂತೆ. “ಮುಚ್ಚಿಡಬೇಡಿ, ಹುಡುಗಿ ಬರೆದಿದ್ದಾಳೆ” ಎಂದರಂತೆ.

ಹುಡುಗಿ ಬರೆಯಹೊರಟದ್ದು ಮಗುವನ್ನು ಕರೆಯುವ ಹೆಸರು, ಪುಟ್ಟ ಎಂದು. ಮರುದಿನ ಎರಡೂ ಮನೆಯವರು ಸೇರಿ ಅವಳನ್ನೇ ಬೈದರು. ಬರೆದದ್ದನ್ನು ಒಮ್ಮೆ ಓದಿ ಕಳಿಸಬಾರದೇ ಎಂಬುದು ಎಲ್ಲರ ಮಾತು. ಹಾಗೆ ಹೇಳಿದವರಲ್ಲಿ ಗುಂಪಿಗೆ ‘ಗುಡ್ ಮಾರ್ನಿಂಗ್’ ಹೂವನ್ನು ರಾತ್ರಿ ಒಂಬತ್ತಕ್ಕೆ ಕಳಿಸುವ ಮಾವನವರೂ ಇದ್ದರು. ಇರಲಿ. ನನ್ನನ್ನು ಕೇಳಿದರೆ ಆ ಹುಡುಗಿಯ ಬೆರಳು ಹೋಗಬೇಕಾದ ದಾರಿಯಲ್ಲೇ ಹೋಗಿತ್ತು, ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಈ ತಪ್ಪಿನಲ್ಲಿ ವಿಚಿತ್ರವೆಂದರೆ ಅದೇ.

ಫೋನಿನ ಇಂಗ್ಲಿಷ್ ಕೀಬೋರ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನ ಸಾಲು ಎಡದಿಂದ `q w e r t y u i o p`. ಒಂದೊಂದೇ ಕೀ ಒತ್ತುವ ಬದಲು ಬೆರಳೆಳೆದು ಬರೆಯುವ ಅಭ್ಯಾಸ ಅವಳದು. ಹಾಗೆ ಪುಟ್ಟ ಎಂದು ಬರೆಯಲು putta ಎನ್ನುವ ಅಕ್ಷರಗಳ ಮೇಲೆ ಬೆರಳೆತ್ತದೆ ಎಳೆಯಬೇಕು. ಬಲತುದಿಯ `p` ಮೇಲೆ ಬೆರಳಿಟ್ಟು ಎಡಕ್ಕೆ ಎಳೆದರೆ ದಾರಿಯಲ್ಲಿ `o`, `i`, `u`, `y` ಎಲ್ಲವನ್ನೂ ಸವರಿಕೊಂಡು `t` ತಲುಪುತ್ತೀರಿ. ಅಲ್ಲಿಂದ ಓರೆಯಾಗಿ ಕೆಳಗಿಳಿದು ಎರಡನೆಯ ಸಾಲಿನ ಎಡತುದಿಯಲ್ಲಿರುವ `a` ಮೇಲೆ ಬೆರಳೆತ್ತುತ್ತೀರಿ. ಒಂದು ಅಡ್ಡಗೆರೆ, ಒಂದು ಓರೆಗೆರೆ, ಅಷ್ಟೇ.

ಈಗ pita ಬರೆಯಿರಿ. ಅದೇ ಅಡ್ಡಗೆರೆ, ಅದೇ ಓರೆಗೆರೆ. pota ಬರೆದರೂ ಅದೇ. `u` ಬೇಕಿತ್ತೋ `i` ಬೇಕಿತ್ತೋ `o` ಬೇಕಿತ್ತೋ ಎಂಬುದಕ್ಕೆ ಆ ಗೆರೆಯಲ್ಲಿ ಗುರುತೇ ಇಲ್ಲ, ಏಕೆಂದರೆ ಮೂರೂ ಒಂದೇ ಸಾಲಿನಲ್ಲಿ, `p` ಮತ್ತು `t` ನಡುವಿನ ನೇರ ದಾರಿಯಲ್ಲಿ ಕೂತಿವೆ. ಇನ್ನು ಒತ್ತಕ್ಷರ. `t` ಎರಡು ಸಲ ಬೇಕು ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡರೆ ಬೆರಳಿಗೇನು ಗೊತ್ತು? ಒಂದೇ ಕೀ ಮೇಲೆ ನಿಂತಲ್ಲೇ ಎರಡು ಸಲ ನಿಲ್ಲುವುದಕ್ಕೆ ಗೆರೆಯೇ ಇಲ್ಲ. ಬೆರಳೆಳೆದು ಬರೆಯುವುದನ್ನು ಮೊದಮೊದಲು ಜನಪ್ರಿಯಗೊಳಿಸಿದ ಸ್ವೈಪ್ ಎಂಬ ಕೀಬೋರ್ಡಿನಲ್ಲಿ ಜೋಡಿ ಅಕ್ಷರಕ್ಕೆ ಆ ಕೀ ಮೇಲೆ ಒಂದು ಸಣ್ಣ ಸುತ್ತು ಹಾಕಿ ಎಂದು ಹೇಳಿಕೊಡುತ್ತಿದ್ದರು. ಆ ಕೀಬೋರ್ಡು 2018ರಲ್ಲಿ ನಿಂತೇಹೋಯಿತು. ಸುತ್ತು ಹಾಕುವ ಅಭ್ಯಾಸವಂತೂ ಯಾರಲ್ಲೂ ಉಳಿದಿಲ್ಲ.

ಹೀಗೆ ಎಳೆದ ಗೆರೆಯನ್ನು ಫೋನು ಅಕ್ಷರ ಅಕ್ಷರವಾಗಿ ಓದುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ಓದಿದ್ದರೆ ನಮ್ಮ ಹುಡುಗಿಯ ಗೆರೆ ‘ಪೊಯಿಯುಯ್ಟ್’ ಎಂಬಂಥ ಏನೋ ಆಗುತ್ತಿತ್ತು. ಫೋನು ಮಾಡುವುದು ಬೇರೆ. ತನ್ನ ನಿಘಂಟಿನಲ್ಲಿರುವ ಪ್ರತಿಯೊಂದು ಪದಕ್ಕೂ ಒಂದು ಆದರ್ಶ ಗೆರೆ ಇರುತ್ತದೆ, ಆ ಪದದ ಕೀಗಳ ಮಧ್ಯಬಿಂದುಗಳನ್ನು ಜೋಡಿಸಿದರೆ ಬರುವ ಗೆರೆ. ನೀವೆಳೆದ ಗೆರೆಗೆ ಯಾವುದರ ಆಕಾರ ಹತ್ತಿರ, ಕೀಬೋರ್ಡಿನ ಮೇಲೆ ಯಾವುದರ ಜಾಗ ಹತ್ತಿರ ಎಂದು ನೋಡಿ, ಹಿಂದಿನ ಪದಕ್ಕೆ ಯಾವುದು ಹೊಂದುತ್ತದೆ ಎಂದೂ ಲೆಕ್ಕ ಹಾಕಿ, ಗೆದ್ದ ಪದವನ್ನು ಇಡುತ್ತದೆ. ಶುಮಿನ್ ಝಾಯ್ ಮತ್ತು ಪೆರ್ ಓಲಾ ಕ್ರಿಸ್ಟೆನ್ಸನ್ ಎಂಬಿಬ್ಬರು 2003-04ರ ಹೊತ್ತಿಗೆ ಈ ಆಕಾರ ಮತ್ತು ಜಾಗದ ಉಪಾಯವನ್ನು ವಿವರಿಸಿ ಬರೆದರು. ಆಮೇಲೆ ಬಂದ ಕೀಬೋರ್ಡುಗಳು ಲೆಕ್ಕದ ವಿಧಾನವನ್ನು ಬದಲಾಯಿಸಿವೆ, ಆದರೆ ಗೆರೆಯನ್ನು ಪದಪಟ್ಟಿಯ ಜೊತೆ ಹೋಲಿಸುವ ಮೂಲ ವಿಚಾರ ಉಳಿದಿದೆ.

ಪಟ್ಟಿಯಲ್ಲಿ ಇಲ್ಲದ ಪದ ಸ್ಪರ್ಧೆಗೇ ಬರುವುದಿಲ್ಲ. ಇಂಗ್ಲಿಷ್ ನಿಘಂಟಿನಲ್ಲಿ ಪುಟ್ಟ ಇಲ್ಲ. ಅದೇ ಗೆರೆಯ ಮೇಲೆ ಕೂತಿರುವ pita ಇದೆ, ಅರಬ್ ನಾಡುಗಳ ಕಡೆ ಮಾಡುವ ಒಂದು ಬಗೆಯ ರೊಟ್ಟಿ. pitta ಕೂಡ ಇರಬಹುದು, ಅದು ನಮ್ಮ ನವರಂಗ ಹಕ್ಕಿಯ ಇಂಗ್ಲಿಷ್ ಹೆಸರು. (ಅದು ಬಂದಿದ್ದರೆ ಅತ್ತೆ ಪಿತ್ತ ಎಂದು ಓದಿಕೊಂಡು ಬೆಳಗ್ಗೆ ಕಷಾಯದ ಪುಡಿ ಕೊರಿಯರ್ ಮಾಡುತ್ತಿದ್ದರು.) ಫೋನಿನ ಲೆಕ್ಕದಲ್ಲಿ ರೊಟ್ಟಿಗೆ ಜ್ವರ, ಅತ್ತೆಯ ಲೆಕ್ಕದಲ್ಲಿ ಬೀಗರಿಗೆ ಜ್ವರ. ಫೋನು ಕನ್ನಡವನ್ನು ಇಂಗ್ಲಿಷ್ ಎಂದು ತಿಳಿಯಿತು, ಅತ್ತೆ ಫೋನಿನ ಇಂಗ್ಲಿಷನ್ನು ಕನ್ನಡ ಎಂದು ತಿಳಿದರು. ನಡುವೆ ಜ್ವರ ಬಂದಿದ್ದ ಮಗು ಇಬ್ಬರ ಲೆಕ್ಕದಿಂದಲೂ ಜಾರಿಹೋಯಿತು.

ಕೀ ಒತ್ತಿ ಬರೆದು ತಪ್ಪಿದರೆ ಅದು ಕಣ್ಣಿಗೆ ಬೀಳುತ್ತದೆ. ಪದ ಮುರಿದಿರುತ್ತದೆ, ಕೆಳಗೆ ಕೆಂಪು ಗೆರೆ ಬರುತ್ತದೆ, ಓದುವವರೂ ‘ಅಕ್ಷರ ತಪ್ಪಿದೆ’ ಎಂದು ಸರಿಮಾಡಿಕೊಳ್ಳುತ್ತಾರೆ. ಎಳೆದು ಬರೆದ ತಪ್ಪು ಯಾವಾಗಲೂ ಕಾಗುಣಿತ ಸರಿಯಿರುವ ಪದವೇ. ಅದಕ್ಕೆ ಕೆಂಪು ಗೆರೆ ಬರುವುದಿಲ್ಲ, ಓದುವವರಿಗೆ ಅನುಮಾನವೂ ಬರುವುದಿಲ್ಲ. “ಹುಡುಗಿ ಬರೆದಿದ್ದಾಳೆ” ಎಂದು ಅತ್ತೆ ಅಷ್ಟು ಗಟ್ಟಿಯಾಗಿ ಹೇಳಿದ್ದು ಅದಕ್ಕೇ.

ಸರಿ, ಇಷ್ಟು ದಿನ ಇದೇ ಹುಡುಗಿ ದಿನಕ್ಕೆ ಹತ್ತು ಸಲ ಪುಟ್ಟ ಪುಟ್ಟ ಎಂದು ಬರೆಯುತ್ತಿದ್ದಳಲ್ಲ, ಆಗ ಯಾಕೆ ಆಗಲಿಲ್ಲ? ಈ ಪ್ರಶ್ನೆಯನ್ನು ಮಾವನವರೇ ಎತ್ತಿದರು, ಒಳ್ಳೆಯ ಪ್ರಶ್ನೆ. ಉತ್ತರ ಸುಲಭ: ಫೋನು ಹೊಸದು. ನಾವು ಮತ್ತೆ ಮತ್ತೆ ಬರೆದ ಪದಗಳನ್ನು ಕೀಬೋರ್ಡು ಕಲಿತುಕೊಂಡು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಹಳೆಯ ಫೋನಿನಲ್ಲಿ putta ವರ್ಷಗಟ್ಟಲೆ ಪಳಗಿದ ಪದ, pita ಎಂದರೆ ಯಾರೋ ಎಂಬಂತಿತ್ತು. ಹೊಸ ಫೋನಿಗೆ ಫೋಟೊ, ನಂಬರು ಎಲ್ಲ ಬಂದವು, ಕಲಿತ ಪದಗಳು ಬರಲಿಲ್ಲ. ಅದಕ್ಕೆ ಈ ಮನೆಯ ಭಾಷೆ ಮೊದಲಿನಿಂದ ಹೇಳಿಕೊಡಬೇಕು.

ಇದೇ ವಾರ ಅದೇ ಫೋನಿನಿಂದ ಶಾಲೆಯ ಮುಖ್ಯೋಪಾಧ್ಯಾಯರಿಗೆ `Ok sit` ಎಂದು ಹೋಗಿತ್ತಂತೆ. ಇದು ಬೇರೆ ಜಾತಿಯ ತಪ್ಪು. sir ಬರೆಯಲು `s` ಇಂದ `i` ವರೆಗೆ ಬಲಕ್ಕೆ ಹೋಗಿ ಹಿಂದಿರುಗಿ `r` ತನಕ ಬರಬೇಕು. ಒಂದು ಕೀ ಮೊದಲೇ ಬೆರಳೆತ್ತಿದರೆ ಅದು `t`. ಫೋನಿನಲ್ಲಿ ಒಂದು ಕೀ ಅಗಲ ಸುಮಾರು ಆರೇಳು ಮಿಲಿಮೀಟರ್, ಅವಸರದಲ್ಲಿ ಅಷ್ಟು ಮೊಟಕಾಗುವುದು ದೊಡ್ಡದಲ್ಲ. ಊಟ ಎಂದು oota ಎಳೆಯುವಾಗ ಬೆರಳು `o` ಬದಲು `i` ಅಂಚಿನಲ್ಲಿ ಇಳಿದರೆ iota ಬರುವುದು ಶುರುವಿನ ತಪ್ಪು. ಹೀಗೆ ಶುರುವಿನಲ್ಲೋ ಕೊನೆಯಲ್ಲೋ ತಪ್ಪಿದರೆ ಕೈ ನಿಧಾನ ಮಾಡಿದಾಗ ಸರಿಹೋಗುತ್ತದೆ. ಪುಟ್ಟ ಪಿತಾ ಆದದ್ದು ನಡುವಿನ ತಪ್ಪು, ಎಷ್ಟು ನಿಧಾನವಾಗಿ ನೇರಕ್ಕೆ ಎಳೆದರೂ ಅದೇ ಬರುತ್ತದೆ. ಯಾವ ತಪ್ಪು ಎಂದು ತಿಳಿಯಲು ಒಂದೇ ಪದವನ್ನು ಮೂರು ಸಲ ನಿಧಾನವಾಗಿ ಎಳೆದು ನೋಡಿದರೆ ಸಾಕು. ಮೂರು ಸಲವೂ ಅದೇ ತಪ್ಪು ಪದ ಬಂದರೆ ಬೆರಳನ್ನು ಬೈಯಬೇಡಿ, ಪದ ಪಟ್ಟಿಯಲ್ಲಿಲ್ಲ ಅಥವಾ ಅದೇ ಗೆರೆಯ ಮೇಲೆ ಇನ್ನೊಂದು ಪದ ಕೂತಿದೆ.

ಗೆರೆಗೆ ಗುರುತು ಬರುವುದು ತಿರುವಿನಿಂದ. `p` ಇಂದ ನೇರ ಹೋಗದೆ ಸ್ವಲ್ಪ ಕೆಳಕ್ಕೆ ಬಾಗಿ, `u` ಹತ್ತಿರ ಮೇಲೆದ್ದು ಮುಟ್ಟಿ, ಮತ್ತೆ ಸ್ವಲ್ಪ ಬಾಗಿ `t` ಸೇರಿದರೆ `u` ಮೇಲೆ ಒಂದು ಮೂಲೆ ಮೂಡುತ್ತದೆ. ಇಂಗ್ಲಿಷಿನ put, pot, pit ಮೂರೂ ಒಂದೇ ಗೆರೆಯಾದ್ದರಿಂದ ಅಲ್ಲೂ ಈ ಉಪಾಯ ಒಂದಿಷ್ಟು ಕೆಲಸಕ್ಕೆ ಬರುತ್ತದೆ. ಆದರೆ ಪಟ್ಟಿಯಲ್ಲಿಲ್ಲದ ಪುಟ್ಟನನ್ನು ಎಷ್ಟು ಬಾಗಿ ಬಳುಕಿದರೂ ಕರೆಯಲಾಗುವುದಿಲ್ಲ.

ನನಗೆ ಆ ಸಂದೇಶದಲ್ಲಿ ಕಾಡಿದ್ದು ಇನ್ನೊಂದು. Pita ಒಂದು ಕಡೆ, ge ಒಂದು ಕಡೆ. jwara, malagidane ಮಾತ್ರ ಒಂದೂ ಅಕ್ಷರ ತಪ್ಪದೆ ಇಡಿಯಾಗಿವೆ. ಅವನ್ನು ಅವಳು ಒಂದೊಂದೇ ಕೀ ಒತ್ತಿ ಬರೆದಿದ್ದಳು, ಚಿಕ್ಕವನ್ನು ಮಾತ್ರ ಎಳೆದಿದ್ದಳು. ಇಂಗ್ಲಿಷ್ ಬರೆಯುವವರಿಗೆ ಹೇಳುವ ಬುದ್ಧಿವಾದ ಇದಕ್ಕೆ ತದ್ವಿರುದ್ಧ: ಉದ್ದ ಪದವನ್ನು ಎಳೆಯಿರಿ, ಅದರ ಗೆರೆಯಲ್ಲಿ ತಿರುವು ಹೆಚ್ಚು, ಇನ್ನೊಂದು ಪದದ ಜೊತೆ ಕಲಸುವುದು ಕಡಿಮೆ, ಎರಡು ಮೂರು ಅಕ್ಷರದ್ದನ್ನು ಒತ್ತಿ. ಕನ್ನಡದವರಿಗೆ ಆ ಅನುಕೂಲ ಇಲ್ಲ. ನಮ್ಮ ಉದ್ದ ಪದಗಳು ಇಂಗ್ಲಿಷ್ ಪಟ್ಟಿಯಲ್ಲಿ ಇರುವುದೇ ಇಲ್ಲವಲ್ಲ. ಜೊತೆಗೆ, ಎಳೆದ ಪ್ರತಿ ಪದವಾದ ಮೇಲೆ ಕೀಬೋರ್ಡು ತಾನೇ ಜಾಗ ಬಿಡುತ್ತದೆ, ವಿಭಕ್ತಿ ಪ್ರತ್ಯಯ ಬೇರೆ ಬಿದ್ದುಹೋಗುತ್ತದೆ. ಹಾಗೆಂದು ಪುಟ್ಟ ಒಂದನ್ನು ಕಲಿಸಿದರೆ ಮುಗಿಯಲಿಲ್ಲ. ಪುಟ್ಟನಿಗೆ, ಪುಟ್ಟನ, ಪುಟ್ಟನ್ನ ಇವೆಲ್ಲ ಕೀಬೋರ್ಡಿನ ಕಣ್ಣಿಗೆ ಸಂಬಂಧವೇ ಇಲ್ಲದ ಬೇರೆ ಬೇರೆ ಪದಗಳು.

ಬುಧವಾರ ಸಂಜೆ ಅವಳ ಫೋನಿನಲ್ಲಿ ಮಾಡಿದ್ದು ಇಷ್ಟು. ಅದರಲ್ಲಿದ್ದ ಗೂಗಲ್ ಕೀಬೋರ್ಡು ಜಿಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ `Dictionary`, ಅದರೊಳಗೆ `Personal dictionary`, ಅಲ್ಲಿ ಇಂಗ್ಲಿಷ್ ಆರಿಸಿ `+` ಒತ್ತಿ putta ಸೇರಿಸಿದೆವು. ಆಮೇಲೆ puttange, puttana. ಅವರ ಮನೆಯ ಮಾತಿನಲ್ಲಿ ಹಾಗೇ, ‘ಪುಟ್ಟನಿಗೆ’ ಅಲ್ಲ. ಕಾಗುಣಿತ ಯಾವುದಾದರೂ ಇರಲಿ, ದಿನವೂ ಒಂದೇ ಇರಬೇಕು. ಇಂದು putta, ನಾಳೆ puta ಎಂದರೆ ಎರಡೂ ಅರೆಬರೆ ಕಲಿತಂತಾಗುತ್ತದೆ. ಅಷ್ಟಾದರೂ ಮೊದಲ ಸಲ ಎಳೆದಾಗ ಮತ್ತೆ pita ಎದ್ದು ಬಂತು. ಕೀಗಳ ಮೇಲಿನ ಸಲಹೆಯ ಪಟ್ಟಿಯಲ್ಲಿ ಪಕ್ಕದಲ್ಲೇ putta ಕೂತಿತ್ತು, ಅದನ್ನು ಮುಟ್ಟಿದರೆ ಪದ ಬದಲಾಯಿತು. ಇನ್ನೊಮ್ಮೆ pita ಬಂದಾಗ ಸಲಹೆಯ ಮೇಲೆ ಬೆರಳೊತ್ತಿ ಹಿಡಿದು, ಮೂಡಿದ ಕಸದ ಬುಟ್ಟಿಗೆ ಎಳೆದು ಹಾಕಿದಳು. ಆ ಮನೆಯಲ್ಲಿ ಆ ರೊಟ್ಟಿಯನ್ನು ಯಾರೂ ಮಾಡುವುದಿಲ್ಲ, ನಷ್ಟವೇನಿಲ್ಲ.

ಅತ್ತೆಗೆ ಇದನ್ನೆಲ್ಲ ವಿವರಿಸುವ ಕೆಲಸ ಮಗನ ಪಾಲಿಗೆ ಬಂತು. ಅರ್ಧ ಗಂಟೆ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: “ಅವಳ ಫೋನಲ್ಲಿ ಕನ್ನಡ ಅಕ್ಷರ ಇಲ್ಲವೇನೋ?” ಇದೆ, ಭೂಗೋಳದ ಗುಂಡಿ ಒತ್ತಿದರೆ ಬರುತ್ತದೆ. ಮಗನಿಗೆ ತಡಬಡಿಸುವಂತಾಯಿತು. ಅದರಲ್ಲಿ ಪ, ಉಕಾರ, ಟ, ವಿರಾಮ, ಟ ಎಂದು ಐದು ಸಲ ಒತ್ತಬೇಕು, ಒಂದು ಕೈಯಲ್ಲಿ ಮಗು ಇದ್ದಾಗ ಯಾರು ಒತ್ತುತ್ತಾರೆ ಎಂದ. putta ಎಂದು ಒತ್ತಿದರೂ ಐದೇ ಸಲ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಜ್ವರ ಗುರುವಾರಕ್ಕೆ ಬಿಟ್ಟಿತು. ಅತ್ತೆ ಈಗ ಧ್ವನಿ ಸಂದೇಶ ಮಾತ್ರ ಕಳಿಸುತ್ತಾರೆ, “ಪಿತಾಜಿ ಎದ್ದರೇನಮ್ಮ?” ಎಂದು. ಹಾಸನದ ಬೀಗರು ಮಾತ್ರ ರಾತ್ರಿ ಫೋನನ್ನು ಸೈಲೆಂಟಿನಲ್ಲಿಟ್ಟು ಮಲಗುತ್ತಿದ್ದಾರಂತೆ.